ನಾಲ್ಕು ಡಿಸೈನ್ ಕೊಟ್ಟೆ, ‘ಏನೋ ಸರಿ ಬಂದಿಲ್ಲ’ ಅಂತಾರೆ. ಏನು ಅಂತ ಅವರಿಗೂ ಗೊತ್ತಿಲ್ಲ

ಸಿರಾಗೇಟ್ ಡಿಟಿಪಿ
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಬುಕ್ಕು ಇವೇ ಜಾಸ್ತಿ. ಒಂದು ವರ್ಷದಿಂದ ಲೇಬಲ್ ಕೆಲಸವೂ ಬರುತ್ತಿದೆ.

ತಿಪಟೂರು ಕಡೆಯವರೊಬ್ಬರು ಮರದ ಗಾಣ ಹಾಕಿದ್ದಾರೆ. ಕೊಬ್ಬರಿ ಎಣ್ಣೆಯನ್ನು ಒಂದು ಲೀಟರ್ ಬಾಟಲಿಯಲ್ಲಿ ತುಂಬಿ ಮಾರಬೇಕು, ಅದಕ್ಕೆ ಲೇಬಲ್ ಬೇಕು ಅಂತ ಬಂದರು. ನಾಲ್ಕೂವರೆ ಸಾವಿರಕ್ಕೆ ಮಾತಾಯಿತು. ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದಾರೆ.

ಮೊದಲ ಡಿಸೈನಿನಲ್ಲಿ ಬಿಳಿ ಹಿನ್ನೆಲೆ, ನೀಲಿ ಪಟ್ಟಿ, ನಡುವೆ ತೆಂಗಿನಕಾಯಿ ಹೋಳು, ಅದರಿಂದ ಬೀಳುವ ಎಣ್ಣೆಯ ಹನಿ, ಪಕ್ಕದಲ್ಲಿ ಎರಡು ಹಸಿರೆಲೆ. ವಾಟ್ಸಾಪಿನಲ್ಲಿ ಕಳಿಸಿದೆ. ‘ಚೆನ್ನಾಗಿದೆ, ಆದ್ರೆ ಏನೋ ಸರಿ ಬಂದಿಲ್ಲ’ ಅಂದರು. ನೀಲಿ ತೆಗೆದು ಹಸಿರು ಹಾಕಿದೆ. ‘ಕಳೆ ಇಲ್ಲ’ ಅಂದರು. ಕಳೆ ಬೇಕಲ್ವಾ ಅಂತ ಚಿನ್ನದ ಬಣ್ಣದ ಅಂಚು ಕೊಟ್ಟೆ, ಹೆಸರಿನ ಅಕ್ಷರ ದಪ್ಪ ಮಾಡಿದೆ. ‘ಈಗ ಗ್ರ್ಯಾಂಡ್ ಆಯ್ತು, ಆದ್ರೂ ಮನಸ್ಸಿಗೆ ಬರ್ತಿಲ್ಲ’. ನಾಲ್ಕನೆಯದರಲ್ಲಿ ಅಕ್ಷರದ ಶೈಲಿಯನ್ನೇ ಬದಲಾಯಿಸಿದೆ. ಅದಕ್ಕೆ ಬಂದ ಉತ್ತರ ಕೇಳಿ: ‘ಮೊದಲನೇದೇ ವಾಸಿ ಇತ್ತೇನೋ’.

ಏನು ಇಷ್ಟ ಆಗಿಲ್ಲ ಅಂತ ನೇರವಾಗಿ ಕೇಳಿದೆ. ‘ನೀವು ಕಲಿತೋರು, ನಿಮಗೇ ಗೊತ್ತಾಗಬೇಕು’ ಅಂದುಬಿಟ್ಟರು. ಮನುಷ್ಯ ಒಳ್ಳೆಯವರು, ದುಡ್ಡಿನ ತಕರಾರಿಲ್ಲ. ಐದನೆಯದು ಮಾಡುವ ಮುಂಚೆ ಏನು ಮಾಡಲಿ ಹೇಳಿ.

ಬಂಗಾರಪೇಟೆ ಬಾಯ್
ಅಣ್ಣ, ತಪ್ಪು ನಿಮ್ಮದೇ. ನಾಲ್ಕು ಸಲ ಯಾಕೆ ಮಾಡಿಕೊಟ್ಟಿರಿ? ನಾನು ಮೊದಲೇ ಹೇಳಿಬಿಡುತ್ತೇನೆ. ಎರಡು ತಿದ್ದುಪಡಿ ಫ್ರೀ, ಮೂರನೆಯದಕ್ಕೆ ಐನೂರು, ಆಮೇಲೆ ಪ್ರತಿಯೊಂದಕ್ಕೂ ಐನೂರು. ಈ ಮಾತು ಬಿಲ್ಲಿನ ಮೇಲೆ ಬರೆದಿದ್ದರೆ ‘ಏನೋ ಸರಿ ಬಂದಿಲ್ಲ’ ಅನ್ನುವವರಿಗೆ ತಟ್ಟನೆ ಎಲ್ಲಾ ಸರಿ ಬಂದುಬಿಡುತ್ತದೆ. ಇನ್ನೊಂದು, ಯಾವತ್ತೂ ಒಂದೇ ಡಿಸೈನ್ ಕಳಿಸಬೇಡಿ. ಒಂದೇ ಸಲ ಮೂರು ಕಳಿಸಿ. ಒಂದನ್ನು ಆರಿಸಲೇಬೇಕಾಗುತ್ತದೆ.

ಗೌರಿಬಿದನೂರು ವಿಡಿಯೋ
ನಮ್ಮದೂ ಇದೇ ಕಥೆ ಸರ್. ಮದುವೆ ಆಲ್ಬಮ್ ಮಾಡಿಕೊಟ್ಟೆ, ಹುಡುಗಿ ಕಡೆಯವರು ‘ಏನೋ ಚೆನ್ನಾಗಿಲ್ಲ’ ಅಂತ ಬಾಕಿ ಎಂಟು ಸಾವಿರ ಕೊಡಲೇ ಇಲ್ಲ. ಆರು ತಿಂಗಳು ಓಡಾಡಿದೆ. ಇಂಥವರ ಹತ್ತಿರ ದುಡ್ಡು ವಸೂಲಿ ಮಾಡೋದು ಹೇಗೆ ಅಂತ ಯಾರಾದರೂ ಹೇಳಿ.

ಸಿರಾಗೇಟ್ ಡಿಟಿಪಿ
ನನ್ನದು ದುಡ್ಡಿನ ಪ್ರಶ್ನೆ ಅಲ್ಲ ಸರ್. ಅವರು ಕೊಡುತ್ತಾರೆ. ಅವರಿಗೆ ಏನು ಬೇಕು ಅನ್ನೋದೇ ನನಗೆ ತಿಳಿಯುತ್ತಿಲ್ಲ.

ಮೊಳೆ ಅಚ್ಚು
ಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸಿನಲ್ಲಿದ್ದೇನೆ. ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಮೊದಲು ಬಂಗಾರಪೇಟೆಯವರ ಮಾತಿಗೆ. ತಿದ್ದುಪಡಿಗೆ ಮಿತಿ ಹಾಕುವುದು ಒಳ್ಳೆಯದೇ, ನಾನೂ ಹಾಕುತ್ತೇನೆ. ಆದರೆ ಅದರಿಂದ ಗಿರಾಕಿಯ ಬಾಯಿ ಮುಚ್ಚುತ್ತದೆಯೇ ಹೊರತು ಡಿಸೈನಿನ ದೋಷ ಸಿಗುವುದಿಲ್ಲ. ಇಷ್ಟವಿಲ್ಲದ ಲೇಬಲ್ಲನ್ನು ಒಂದು ಸಲ ಅಚ್ಚು ಹಾಕಿಸಿಕೊಂಡು ಹೋಗುತ್ತಾರೆ. ಎರಡನೇ ಸಲ ಬೇರೆ ಅಂಗಡಿಗೆ ಹೋಗುತ್ತಾರೆ.

ಮೂರು ಡಿಸೈನ್ ಕಳಿಸುವ ವಿಚಾರ ಅರ್ಧ ಸರಿ. ಮೂರೂ ಎಲ್ಲದರಲ್ಲೂ ಬೇರೆ ಬೇರೆ ಇದ್ದರೆ ಅವರು ಒಂದನ್ನು ಆರಿಸುವುದಿಲ್ಲ. ಇದರ ಬಣ್ಣ, ಅದರ ಅಕ್ಷರ, ಇನ್ನೊಂದರ ಚಿತ್ರ ಸೇರಿಸಿ ಕೊಡಿ ಅನ್ನುತ್ತಾರೆ. ಕೊನೆಗೆ ಕಲಸುಮೇಲೋಗರ. ಒಂದನ್ನು ಆರಿಸಿದರೂ ಯಾವ ಕಾರಣಕ್ಕೆ ಆರಿಸಿದರು ಅನ್ನುವುದು ನಿಮಗೆ ತಿಳಿಯುವುದಿಲ್ಲ.

ಈಗ ಸಿರಾಗೇಟ್ ತಮ್ಮನಿಗೆ ಒಂದು ಪ್ರಶ್ನೆ. ನಾಲ್ಕು ಡಿಸೈನುಗಳಲ್ಲಿ ಏನೇನು ಬದಲಾಯಿಸಿದೆ ಅಂತ ನೀನು ಬರೆದಿದ್ದೀಯ. ಬಣ್ಣ, ಅಂಚು, ಅಕ್ಷರದ ದಪ್ಪ, ಅಕ್ಷರದ ಶೈಲಿ. ನಾಲ್ಕರಲ್ಲೂ ಬದಲಾಗದೆ ಉಳಿದದ್ದು ಏನು? ಅದನ್ನು ಬರೆ. ಬದಲಾಯಿಸಿದ್ದರಲ್ಲಿ ದೋಷ ಇದ್ದಿದ್ದರೆ ಎಲ್ಲೋ ಒಂದು ಕಡೆ ಅವರ ಮುಖ ಅರಳಬೇಕಿತ್ತು. ಅರಳಲಿಲ್ಲ. ಹಾಗಾದರೆ ನೀನು ಮುಟ್ಟದೇ ಬಿಟ್ಟ ಜಾಗದಲ್ಲಿ ಹುಡುಕಬೇಕು.

ಸಿರಾಗೇಟ್ ಡಿಟಿಪಿ
ಹೀಗೆ ನಾನು ಯೋಚಿಸಿರಲೇ ಇಲ್ಲ ಸರ್. ಬದಲಾಗದೆ ಇರುವುದು ಇಷ್ಟು:

ತೆಂಗಿನಕಾಯಿ ಹೋಳು, ಹನಿ, ಎಲೆ, ಮೂರೂ ಮೊದಲಿನಿಂದ ಹಾಗೇ ಇವೆ. ‘ಶುದ್ಧ ಕೊಬ್ಬರಿ ಎಣ್ಣೆ’ ಅನ್ನುವ ಸಾಲು ಇದೆ. ಲೇಬಲ್ ಅಳತೆ 22 ಸೆಂಟಿಮೀಟರ್ ಅಗಲ, 10 ಎತ್ತರ. ಮತ್ತೆ, ಬಾಟಲಿಗೆ ಸುತ್ತಿದ ಹಾಗೆ ತೋರಿಸಲು ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಮಾಕಪ್ ಬಳಸುತ್ತಿದ್ದೇನೆ. ನಾಲ್ಕಕ್ಕೂ ಅದೇ ಬಾಟಲಿ.

ಮೊಳೆ ಅಚ್ಚು
ಮಾಕಪ್ಪಿನ ಬಾಟಲಿ ಹೇಗಿದೆ? ಅವರ ನಿಜವಾದ ಬಾಟಲಿ ಹೇಗಿದೆ?

ಸಿರಾಗೇಟ್ ಡಿಟಿಪಿ
ಮಾಕಪ್ಪಿನದು ಸಪೂರ, ಎತ್ತರ, ಮೇಲೆ ಟಪ್ ಅಂತ ತೆರೆಯುವ ಮುಚ್ಚಳ. ಅವರದು ದುಂಡನೆಯ ಸಾದಾ ಪೆಟ್ ಬಾಟಲಿ, ತಿರುಗಿಸುವ ಮುಚ್ಚಳ. ನಿಜ ಹೇಳಬೇಕೆಂದರೆ ಅವರ ಬಾಟಲಿ ನನ್ನ ಅಂಗಡಿಯಲ್ಲಿ ಇಲ್ಲ. ಅಳತೆ ಮಾತ್ರ ಫೋನಿನಲ್ಲಿ ಹೇಳಿದ್ದರು.

ಚಿಂತಾಮಣಿ ಅಕ್ಷರ
ನನ್ನದು ಸ್ವಲ್ಪ ಬೇರೆ ಅನುಭವ, ಹೇಳಲೇಬೇಕು. ನಮ್ಮಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತೇನೆ. ಹೋದ ಮಾಘದಲ್ಲಿ ಒಬ್ಬರು ಐದು ಸಲ ‘ಏನೋ ಲಕ್ಷಣವಾಗಿಲ್ಲ’ ಅಂತ ವಾಪಸ್ ಕಳಿಸಿದರು. ಬಣ್ಣ ಬದಲಾಯಿಸಿದೆ, ಗಣಪತಿ ಬದಲಾಯಿಸಿದೆ, ಕಾಗದ ಬದಲಾಯಿಸಿದೆ. ಊಹೂಂ.

ಐದನೇ ಸಲ ಒಂದು ಗಮನಿಸಿದೆ. ಅವರು ಗಣಪತಿ ಕಡೆ ನೋಡುತ್ತಲೇ ಇಲ್ಲ. ಕಣ್ಣೆಲ್ಲಾ ಕೆಳಗಡೆ, ‘ಸುಖಾಗಮನ ಬಯಸುವವರು’ ಅನ್ನುವ ಪಟ್ಟಿಯಲ್ಲಿ. ಜೊತೆಗೆ ಬಂದ ತಮ್ಮ ಟೀ ಕುಡಿಯಲು ಹೊರಗೆ ಹೋದಾಗ ಮೆಲ್ಲಗೆ ಕೇಳಿದೆ, ‘ಹೆಸರುಗಳೆಲ್ಲ ಸರಿ ಇವೆಯಾ ಅಣ್ಣ?’ ಅಂತ. ಆಗ ಹೊರಗೆ ಬಂತು. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಹೆಸರಿನ ಕೆಳಗೆ ಕೂತಿತ್ತು. ಪಟ್ಟಿ ಬರೆದುಕೊಟ್ಟವನು ಆ ತಮ್ಮನೇ. ಅವನ ಎದುರು ಹೇಳುವುದು ಹೇಗೆ? ಅದಕ್ಕೇ ‘ಲಕ್ಷಣವಾಗಿಲ್ಲ’. ಎರಡು ಸಾಲು ಅದಲುಬದಲು ಮಾಡಿದೆ, ಹಳೆಯ ಗಣಪತಿಯೇ ಪಾಸಾಯಿತು.

ಅದಕ್ಕೇ ಹೇಳುತ್ತೇನೆ, ಕೆಲವರಿಗೆ ಹೇಳಲು ಬರುವುದಿಲ್ಲ, ಕೆಲವರಿಗೆ ಹೇಳಲು ಆಗುವುದಿಲ್ಲ. ಎರಡನ್ನೂ ಒಂದೇ ಅಂದುಕೊಂಡರೆ ಮೋಸ ಹೋಗುತ್ತೇವೆ.

ಬಂಗಾರಪೇಟೆ ಬಾಯ್
ಅಕ್ಕ, ಎರಡರಲ್ಲಿ ಯಾವುದು ಅಂತ ಗೊತ್ತಾಗೋದು ಹೇಗೆ? ಎಲ್ಲರ ತಮ್ಮನೂ ಟೀ ಕುಡಿಯಲು ಹೋಗಲ್ಲವಲ್ಲ.

ಚಿಂತಾಮಣಿ ಅಕ್ಷರ
ಪಕ್ಕಾ ಗುರುತು ಅಂತ ಇಲ್ಲಪ್ಪ. ನಾನು ನೋಡುವುದು ಇಷ್ಟೇ. ಹೇಳಲು ಬಾರದವರು ಏನಾದರೂ ಒಂದು ಹೇಳುತ್ತಾರೆ, ‘ಕಳೆ ಇಲ್ಲ’, ‘ಡಲ್ಲು’, ‘ದೊಡ್ಡದು ಮಾಡಿ’. ಪ್ರತಿ ಸಲ ಬೇರೆ ಮಾತು. ಹೇಳಲಾಗದವರು ಪ್ರತಿ ಸಲ ಅದೇ ಒಂದು ಮಾತು ಹೇಳುತ್ತಾರೆ. ಇಲ್ಲವೇ ‘ಮನೇಲಿ ಕೇಳಿ ಹೇಳ್ತೀನಿ’ ಅಂತ ಹೋದವರು ವಾರ ಕಳೆದರೂ ಬರುವುದಿಲ್ಲ. ಅವರನ್ನು ಒಬ್ಬರೇ ಇದ್ದಾಗ ಮಾತಾಡಿಸಬೇಕು, ಅದೂ ಡಿಸೈನ್ ಬಿಟ್ಟು ಬೇರೆ ವಿಷಯ ಕೇಳುವ ಹಾಗೆ.

ಕೊಬ್ಬರಿ ಮಂಡಿ
ನಾನು ಡಿಸೈನ್ ಮಾಡುವವನಲ್ಲ, ಮಾಡಿಸಿಕೊಳ್ಳುವ ಕಡೆಯವನು. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ನಮ್ಮ ಕಡೆಯಿಂದಲೂ ಒಂದು ಮಾತು ಕೇಳಿ.

ಕೊಬ್ಬರಿಯನ್ನು ಕೈಯಲ್ಲಿ ಹಿಡಿದು ಮೂಸಿದರೆ ಒಳಗೆ ಬೂಸ್ಟು ಬಂದಿದೆಯಾ ಇಲ್ಲವಾ ಹೇಳಿಬಿಡುತ್ತೇನೆ. ಹೇಗೆ ಗೊತ್ತಾಯಿತು ಅಂತ ಕೇಳಿದರೆ ವಿವರಿಸಲು ಬರುವುದಿಲ್ಲ. ಲೇಬಲ್ ನೋಡಿದಾಗಲೂ ಹಾಗೇ. ಏನೋ ತಪ್ಪಿದೆ ಅಂತ ಹೊಟ್ಟೆಗೆ ಗೊತ್ತಾಗುತ್ತದೆ, ಬಾಯಿಗೆ ಬರುವುದಿಲ್ಲ. ಆಗ ನೀವು ಕಂಪ್ಯೂಟರ್ ಮುಂದೆ ಕೂತು ‘ಏನು ಚೇಂಜ್ ಮಾಡಬೇಕು ಹೇಳಿ ಸರ್’ ಅಂತ ಕೇಳುತ್ತೀರಿ. ನಮಗೆ ಪರೀಕ್ಷೆಯಲ್ಲಿ ಕೂತ ಹಾಗಾಗುತ್ತದೆ. ಸುಮ್ನೆ ಇದ್ದರೆ ದಡ್ಡ ಅನ್ನಿಸಿಕೊಳ್ಳುತ್ತೇವೆ ಅಂತ ಬಾಯಿಗೆ ಬಂದದ್ದು ಹೇಳುತ್ತೇವೆ. ‘ಅಕ್ಷರ ದೊಡ್ಡದು ಮಾಡಿ’, ‘ಗೋಲ್ಡ್ ಹಾಕಿ’. ನೀವು ಪಾಪ ಅದನ್ನೇ ಮಾಡಿ ತರುತ್ತೀರಿ.

ಮೊಳೆ ಅಚ್ಚು
ಯಜಮಾನರೇ, ಈ ಮಾತನ್ನು ಫ್ರೇಮ್ ಹಾಕಿಸಿ ಎಲ್ಲ ಡಿಟಿಪಿ ಅಂಗಡಿಗಳಲ್ಲೂ ತೂಗುಹಾಕಬೇಕು.

ತಮ್ಮಾ, ಗಿರಾಕಿ ‘ಗೋಲ್ಡ್ ಹಾಕಿ’ ಅಂದರೆ ಅದು ಅವರೇ ಬರೆದುಕೊಂಡ ಔಷಧಿ ಚೀಟಿ. ನಿನಗೆ ಬೇಕಾದದ್ದು ಎಲ್ಲಿ ನೋವು ಅನ್ನುವುದು. ಅದನ್ನು ಬಾಯಲ್ಲಿ ಕೇಳಿದರೆ ಸಿಗುವುದಿಲ್ಲ. ಕೈಯಲ್ಲಿ ತೋರಿಸುವ ಹಾಗೆ ಮಾಡಬೇಕು.

ನಾಳೆ ಹೀಗೆ ಮಾಡು. ಮೊದಲು ಅವರ ನಿಜವಾದ ಬಾಟಲಿ ತರಿಸಿಕೊ, ಎಣ್ಣೆ ತುಂಬಿದ್ದು. ಖಾಲಿ ಬಾಟಲಿ ಬೇಡ, ಎಣ್ಣೆಯ ಬಣ್ಣವೂ ಡಿಸೈನಿನ ಭಾಗವೇ. ನಿನ್ನ ಎರಡನೇ ಡಿಸೈನನ್ನು ಸಾದಾ ಸ್ಟಿಕ್ಕರ್ ಕಾಗದದ ಮೇಲೆ ಪೂರ್ತಿ ಅಳತೆಯಲ್ಲಿ ಪ್ರಿಂಟ್ ತೆಗೆದು ಅಂಟಿಸು. 22 ಸೆಂಟಿಮೀಟರ್ ಅಗಲದ ಲೇಬಲ್ ಫೋನಿನಲ್ಲಿ ಏಳು ಸೆಂಟಿಮೀಟರಿಗೆ ಕುಗ್ಗಿ ಕಾಣುತ್ತದೆ. ಅಂದರೆ ಮೂರನೇ ಒಂದು ಭಾಗ. ‘ಅಕ್ಷರ ದೊಡ್ಡದು ಮಾಡಿ’ ಅನ್ನುವ ಬೇಡಿಕೆಯಲ್ಲಿ ಅರ್ಧದಷ್ಟು ಹುಟ್ಟುವುದು ಇಲ್ಲೇ. ಇನ್ನು ಬಾಟಲಿ ದುಂಡಗಿದೆ ಅಂತೀಯ. ಎಂಟು ಸೆಂಟಿಮೀಟರ್ ದಪ್ಪ ಇದ್ದರೆ ಸುತ್ತಳತೆ ಸುಮಾರು 25. ಎದುರು ನಿಂತವರಿಗೆ ಹಾಯಾಗಿ ಓದಲು ಸಿಗುವುದು ನಡುವಿನ ಎಂಟು ಸೆಂಟಿಮೀಟರ್ ಅಷ್ಟೇ. ಹೆಸರು ಅದಕ್ಕಿಂತ ಅಗಲ ಇದ್ದರೆ ಎರಡೂ ಕಡೆ ಬಾಗಿ ಹೋಗುತ್ತದೆ.

ಆಮೇಲೆ ಆ ಬಾಟಲಿಯನ್ನು ನಿನಗೆ ಪರಿಚಯ ಇರುವ ಒಂದೆರಡು ದಿನಸಿ ಅಂಗಡಿಗೆ ತೆಗೆದುಕೊಂಡು ಹೋಗು. ‘ಇದು ಹೇಗಿದೆ?’ ಅಂತ ಮಾತ್ರ ಕೇಳಬೇಡ. ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಅಣ್ಣ, ಇದನ್ನ ನಿಮ್ಮ ಅಂಗಡೀಲಿ ಎಲ್ಲಿ ಇಡ್ತೀರಾ?’ ಅಂತ ಕೇಳು. ಬಾಟಲಿ ಅವರ ಕೈಗೇ ಕೊಡು. ಎಲ್ಲಿ ಇಡುತ್ತಾರೆ ನೋಡಿ ಫೋಟೋ ತೆಗೆ.

ನನಗೆ ಒಂದು ಅನುಮಾನ ಇದೆ. ಈಗ ಹೇಳುವುದಿಲ್ಲ. ಹೇಳಿದರೆ ನೀನು ಅದನ್ನೇ ನೋಡಿಕೊಂಡು ಬರುತ್ತೀಯ.

ಬಂಗಾರಪೇಟೆ ಬಾಯ್
ಸಸ್ಪೆನ್ಸು ಯಾಕೆ ಗುರುಗಳೇ. ನನಗನ್ನಿಸೋದು ಅಕ್ಷರ ಸಮಸ್ಯೆ. ಕನ್ನಡ ಅಕ್ಷರಕ್ಕೆ ಒತ್ತಕ್ಷರ ಇರುತ್ತೆ, ‘ಕೊಬ್ಬರಿ ಎಣ್ಣೆ’ ಅಂದರೆ ಬ್ಬ, ಣ್ಣ ಎರಡೂ ಕೆಳಗೆ ಇಳಿಯುತ್ತವೆ. ಕೆಳಗಿನ ಸಾಲಿಗೆ ತಾಗಿಕೊಂಡರೆ ಇಡೀ ಲೇಬಲ್ ಇಕ್ಕಟ್ಟಾಗಿ ಕಾಣುತ್ತದೆ. ನೋಡುವವರಿಗೆ ಕಸಿವಿಸಿ ಆಗುತ್ತದೆ, ಯಾಕೆ ಅಂತ ಗೊತ್ತಾಗಲ್ಲ. ನನಗೆ ಎರಡು ಸಲ ಆಗಿದೆ.

ಮೊಳೆ ಅಚ್ಚು
ಇದು ಒಳ್ಳೆಯ ಮಾತು. ನಿಜವಾದ ಕಾರಣವೂ ಆಗಬಹುದು. ಆದರೆ ನಾಲ್ಕನೆಯದರಲ್ಲಿ ಅವನು ಅಕ್ಷರದ ಶೈಲಿ ಬದಲಾಯಿಸಿದ್ದಾನೆ, ಆಗಲೂ ಅವರು ಒಪ್ಪಲಿಲ್ಲ. ಸಾಲಿನ ನಡುವಿನ ಜಾಗ ಬಿಡಿಸಿದ್ದನಾ ಅಂತ ಅವನೇ ಹೇಳಬೇಕು.

ಸಿರಾಗೇಟ್ ಡಿಟಿಪಿ
ಬಿಡಿಸಿದ್ದೆ ಸರ್. ಒತ್ತು ಎಲ್ಲೂ ತಾಗುತ್ತಿಲ್ಲ. ಬಾಟಲಿ ಕಳಿಸಲು ಹೇಳಿದ್ದೇನೆ, ನಾಳೆ ಬಸ್ಸಿಗೆ ಹಾಕುತ್ತಾರಂತೆ.

ಗೌರಿಬಿದನೂರು ವಿಡಿಯೋ
ಬಸ್ಸಿಗೆ ಹಾಕುವಾಗ ಮುಚ್ಚಳಕ್ಕೆ ಟೇಪ್ ಸುತ್ತಲು ಹೇಳಿ. ಎಣ್ಣೆ ಸೋರಿದರೆ ಕಂಡಕ್ಟರ್ ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.

ಸಿರಾಗೇಟ್ ಡಿಟಿಪಿ
ಮೂರು ದಿನ ಆಯಿತು, ಕ್ಷಮಿಸಿ. ಬಾಟಲಿ ಬಂತು, ಟೇಪ್ ಸುತ್ತಿದ್ದರು. ಮೂರು ಅಂಗಡಿಗೆ ಹೋಗಿದ್ದೆ.

ಮೊದಲನೆಯ ಅಂಗಡಿಯವರು ಬಾಟಲಿ ಕೈಗೆ ತೆಗೆದುಕೊಂಡು ಒಂದು ಕ್ಷಣ ನೋಡಿ, ಸೀದಾ ಸೋಪು, ಶಾಂಪೂ ಇರುವ ಕಡೆಗೆ ಹೋದರು. ತಲೆಗೆ ಹಚ್ಚುವ ಎಣ್ಣೆಗಳ ಪಕ್ಕ ಇಟ್ಟರು. ನಾನು ಏನೂ ಹೇಳಲಿಲ್ಲ.

ಎರಡನೆಯವರು ಎಲ್ಲಿ ಇಡುವುದು ಅಂತ ಹೇಳಲೇ ಇಲ್ಲ. ರೇಟು ಎಷ್ಟು, ಮಾರ್ಜಿನ್ ಎಷ್ಟು, ಹಳೆಯ ಸ್ಟಾಕ್ ವಾಪಸ್ ತಗೊಳ್ತೀರಾ, ಇದನ್ನೇ ಕೇಳಿದರು. ಮೂರನೆಯ ಅಂಗಡಿಯಲ್ಲಿ ಮಾಲೀಕರ ಹೆಂಡತಿ ಇದ್ದರು. ಅವರು ಮೊದಲು ಶಾಂಪೂ ಕಡೆ ನಡೆದರು, ಅರ್ಧ ದಾರಿಯಲ್ಲಿ ನಿಂತು ‘ಇಷ್ಟು ದೊಡ್ಡ ಬಾಟ್ಲು ಯಾರು ತಲೆಗೆ ಹಚ್ತಾರೆ? ಅಡುಗೇದಾ?’ ಅಂತ ಕೇಳಿದರು.

ಆಗ ನನಗೆ ಹೊಳೆಯಿತು. ಹೋಳು ಕಾಯಿ, ಹನಿ, ಎಲೆ, ಸಪೂರ ಬಾಟಲಿ. ನಾನು ಹಸಿರು ಹಾಕಿದರೂ ಚಿನ್ನ ಹಾಕಿದರೂ ಮಾಡಿದ್ದು ತಲೆಗೆ ಹಚ್ಚುವ ಎಣ್ಣೆಯ ಲೇಬಲ್ಲನ್ನೇ. ಅವರು ಮಾರುತ್ತಿರುವುದು ಅಡುಗೆ ಎಣ್ಣೆ. ‘ಅಡುಗೆ’ ಅನ್ನುವ ಪದ ಮುಂಭಾಗದಲ್ಲಿ ಎಲ್ಲೂ ಇಲ್ಲ. ಕೊಬ್ಬರಿ ಎಣ್ಣೆ ಅಂತ ಹುಡುಕಿದಾಗ ಸಿಕ್ಕ ಚಿತ್ರಗಳನ್ನೇ ನೋಡಿಕೊಂಡು ಮಾಡಿದ್ದೆ. ಅವೆಲ್ಲ ಕೂದಲಿನ ಎಣ್ಣೆಯ ಚಿತ್ರಗಳು ಅನ್ನುವುದು ತಲೆಗೇ ಹೋಗಿರಲಿಲ್ಲ.

ಫೋಟೋಗಳನ್ನು ಅವರಿಗೆ ಕಳಿಸಿದೆ. ಸಂಜೆವರೆಗೂ ಉತ್ತರ ಇಲ್ಲ. ರಾತ್ರಿ ಫೋನ್ ಮಾಡಿದರು. ‘ನಮ್ಮಮ್ಮ ಮೊದಲನೇ ದಿನಾನೇ ಕೇಳಿದ್ರು, ಇದು ತಲೇಗಾ ಅಂತ. ಅಮ್ಮಂಗೆ ಕಣ್ಣು ಸರಿ ಕಾಣಲ್ಲ ಅಂತ ನಾನು ತಲೆ ಕೆಡಿಸಿಕೊಳ್ಳಲಿಲ್ಲ’ ಅಂದರು.

ಮೊಳೆ ಅಚ್ಚು
ನನ್ನ ಅನುಮಾನವೂ ಅದೇ ಇತ್ತು. ಮಾಕಪ್ಪಿನ ಮುಚ್ಚಳದ ಮಾತು ಬಂದಾಗಲೇ ಅನ್ನಿಸಿತು. ಆದರೆ ಅಷ್ಟಕ್ಕೇ ಖುಷಿಪಡಬೇಡ. ಎರಡನೆಯ ಅಂಗಡಿ ಏನೂ ಹೇಳಲಿಲ್ಲ, ಮೂರನೆಯವರು ತಮ್ಮಷ್ಟಕ್ಕೆ ತಿದ್ದಿಕೊಂಡರು. ಗಟ್ಟಿ ಸಾಕ್ಷಿ ಒಂದೂವರೆ ಅಂಗಡಿ ಮಾತ್ರ. ಜೊತೆಗೆ ಅವರ ತಾಯಿ.

ಈಗ ಜೋಡಿ ಮಾಡು. ಒಂದು ಲೇಬಲ್ ಇದ್ದ ಹಾಗೇ ಇರಲಿ. ಇನ್ನೊಂದರಲ್ಲಿ ಚಿತ್ರ ಮಾತ್ರ ಬದಲಾಯಿಸು. ಬಣ್ಣ, ಅಕ್ಷರ, ಅಂಚು ಯಾವುದನ್ನೂ ಮುಟ್ಟಬೇಡ. ಎರಡನ್ನೂ ಬಾಟಲಿಗೆ ಅಂಟಿಸಿ ಮುಂದೆ ಇಟ್ಟು, ‘ಯಾವುದು ನಿಮ್ಮ ಎಣ್ಣೆ?’ ಅಂತ ಕೇಳು. ಯಾವುದು ಚೆನ್ನಾಗಿದೆ ಅಂತ ಕೇಳಬೇಡ. ಬೆರಳು ಎಲ್ಲಿ ಹೋಗುತ್ತದೆ ನೋಡು. ಬೆರಳು ಹೋದ ಮೇಲೆ ಇನ್ನೊಂದು ಜೋಡಿ, ಅದರಲ್ಲಿ ಪದ ಮಾತ್ರ ಬೇರೆ. ಹೀಗೆ ಎರಡು ಮೂರು ಸುತ್ತು ಸಾಕು. ಅದಕ್ಕಿಂತ ಜಾಸ್ತಿ ಮಾಡಿದರೆ ಕಣ್ಣು ಸೋಲುತ್ತದೆ, ಆಮೇಲೆ ಏನು ತೋರಿಸಿದರೂ ‘ಎರಡೂ ಒಂದೇ’ ಅನ್ನುತ್ತಾರೆ.

ತೆರಿಗೆ ಲೆಕ್ಕ ಕೋಲಾರ
ಈ ತಲೆಗೆ–ಅಡುಗೆಗೆ ಗೊಂದಲ ಸಣ್ಣದಲ್ಲ ಸ್ವಾಮಿ, ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಹಳೆಯ ಕೇಂದ್ರ ಅಬಕಾರಿ ಸುಂಕದ ಕೇಸು. ಚಿಕ್ಕ ಬಾಟಲಿಯಲ್ಲಿ ತುಂಬಿದ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದಾ, ಕೂದಲಿನದಾ ಅನ್ನುವುದೇ ಜಗಳ. ಬಾಟಲಿ ಚಿಕ್ಕದು ಅನ್ನುವ ಒಂದೇ ಕಾರಣಕ್ಕೆ ಅದನ್ನು ಕೂದಲಿನ ಎಣ್ಣೆ ಅನ್ನಲಾಗದು ಅಂತ 2024ರ ಡಿಸೆಂಬರಿನಲ್ಲಿ ತೀರ್ಪು ಬಂತು. ಬಾಟಲಿಯ ಮೇಲೆ ಏನು ಬರೆದಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಲೇಬಲ್ ಅಂದರೆ ಬರೀ ಅಂದಚಂದ ಅಲ್ಲ. ಒಂದಕ್ಕೆ ಜಿಎಸ್‌ಟಿ 5 ಪರ್ಸೆಂಟ್, ಇನ್ನೊಂದಕ್ಕೆ 18.

ಕೊಬ್ಬರಿ ಮಂಡಿ
18 ಹೋಯ್ತಲ್ಲ ಸಾರ್. 2025ರ ಸೆಪ್ಟೆಂಬರ್ 22ರಿಂದ ತಲೆ ಎಣ್ಣೆಯೂ 5ಕ್ಕೇ ಬಂದಿದೆ.

ತೆರಿಗೆ ಲೆಕ್ಕ ಕೋಲಾರ
ಹೌದು, ಹಳೆಯ ಲೆಕ್ಕ ಬಾಯಲ್ಲಿ ಉಳಿದಿತ್ತು. ತೆರಿಗೆಯಲ್ಲಿ ಈಗ ವ್ಯತ್ಯಾಸ ಇಲ್ಲ. ಲೈಸೆನ್ಸ್ ಮಾತ್ರ ಬೇರೆ ಬೇರೆ. ಆಹಾರಕ್ಕೆ ಎಫ್‌ಎಸ್‌ಎಸ್‌ಎಐ ನಂಬರ್ ಹಾಕಬೇಕು, ಕೂದಲಿಗೆ ಅಂತ ಮಾರಿದರೆ ಅದು ಸೌಂದರ್ಯವರ್ಧಕ, ಅದರ ಕಾಯಿದೆ ಬೇರೆ.

ಸಿರಾಗೇಟ್ ಡಿಟಿಪಿ
ಜೋಡಿ ಪರೀಕ್ಷೆ ಇವತ್ತು ಮಾಡಿದೆ. ಅವರು ತಾಯಿಯನ್ನೂ ಕರೆದುಕೊಂಡು ಅಂಗಡಿಗೇ ಬಂದಿದ್ದರು.

ಮೊದಲ ಜೋಡಿ: ಹಳೆಯ ಹೋಳು ಮತ್ತು ಹನಿ ಒಂದು ಕಡೆ, ಬಾಣಲೆಯಲ್ಲಿ ಸಾಸಿವೆ, ಕರಿಬೇವಿನ ಒಗ್ಗರಣೆ ಇನ್ನೊಂದು ಕಡೆ. ‘ಯಾವುದು ನಿಮ್ಮ ಎಣ್ಣೆ?’ ಅಂದೆ. ತಾಯಿಯ ಬೆರಳು ತಕ್ಷಣ ಬಾಣಲೆಗೆ ಹೋಯಿತು. ಮಗ ಮಾತ್ರ ಎರಡನ್ನೂ ನೋಡುತ್ತಾ ನಿಂತರು. ಆಮೇಲೆ, ‘ಬಾಣಲೆ ಸರಿ, ಆದ್ರೆ ಇದು ಕಡಲೇಕಾಯಿ ಎಣ್ಣೆ ಥರ ಕಾಣ್ತದೆ’ ಅಂದರು.

ನನಗೆ ನಿಜವಾಗಿ ಖುಷಿಯಾಯಿತು ಸರ್. ಒಂದೂವರೆ ತಿಂಗಳಲ್ಲಿ ಅವರು ಹೇಳಿದ ಮೊದಲ ಸ್ಪಷ್ಟ ಮಾತು ಇದು. ‘ಕಳೆ ಇಲ್ಲ’ ಎಲ್ಲಿ, ‘ಕಡಲೇಕಾಯಿ ಎಣ್ಣೆ ಥರ’ ಎಲ್ಲಿ.

ಎರಡನೇ ಜೋಡಿಗೆ ಬಾಣಲೆಯ ಪಕ್ಕ ಒಣಕೊಬ್ಬರಿ ಗಿಟುಕು ಇಟ್ಟೆ. ಹಸಿ ತೆಂಗಿನ ಹೋಳಲ್ಲ, ಕಂದು ಸಿಪ್ಪೆಯ ಉಂಡೆ ಕೊಬ್ಬರಿ, ಒಂದನ್ನು ಸೀಳಿ. ‘ಶುದ್ಧ ಕೊಬ್ಬರಿ ಎಣ್ಣೆ’ ತೆಗೆದು ‘ಅಡುಗೆಗೆ ಮರದ ಗಾಣದ ಕೊಬ್ಬರಿ ಎಣ್ಣೆ’ ಅಂತ ಹಾಕಿದ್ದು ಇನ್ನೊಂದು ಜೋಡಿ. ಇಬ್ಬರ ಬೆರಳೂ ಹೊಸದಕ್ಕೇ ಹೋಯಿತು. ಅಮ್ಮ ಹೇಳಿದ ಮಾತು, ‘ಹಸಿ ಕಾಯಿಂದ ಎಣ್ಣೆ ಎಲ್ಲಪ್ಪ ಬರ್ತದೆ ನಮ್ಮ ಗಾಣದಲ್ಲಿ? ಕೊಬ್ಬರಿ ಹಾಕೋದಲ್ವಾ?’ ಅವರು ನಾಲ್ಕೂ ಡಿಸೈನಿನಲ್ಲಿ ಅದನ್ನು ನೋಡಿ ಸುಮ್ಮನಿದ್ದರಂತೆ. ಪೇಟೆಯವರು ಹೀಗೇ ಹಾಕುತ್ತಾರೇನೋ ಅಂದುಕೊಂಡರಂತೆ.

ಕೊಬ್ಬರಿ ಮಂಡಿ
ಆ ತಾಯಿಗೆ ನನ್ನ ನಮಸ್ಕಾರ ಹೇಳಿ. ಹಸಿ ಹೋಳಿನ ಚಿತ್ರ ನೋಡಿದಾಗ ನನಗೂ ಹಾಗೇ ಆಗುತ್ತದೆ. ಹಸಿ ಕಾಯಿ ಹಾಲಿನಿಂದ ತೆಗೆಯುವ ಎಣ್ಣೆ ಬೇರೆ ಇದೆ, ಅದರ ರೇಟೂ ಬೇರೆ. ಗಾಣಕ್ಕೆ ಹಾಕುವುದು ಒಣಗಿದ ಕೊಬ್ಬರಿ. ಚಿತ್ರದಲ್ಲಿ ಹಸಿ ಹೋಳು ಹಾಕಿ ಒಳಗೆ ಕೊಬ್ಬರಿ ಎಣ್ಣೆ ತುಂಬಿದರೆ ತಿಳಿದವರು ನಗುತ್ತಾರೆ.

ಬಂಗಾರಪೇಟೆ ಬಾಯ್
ಇದಕ್ಕೆಲ್ಲ ಎಷ್ಟು ದಿನ ಹೋಯ್ತು ಅಣ್ಣ ಒಟ್ಟು? ನಾಲ್ಕೂವರೆ ಸಾವಿರಕ್ಕೆ ಇಷ್ಟು ಓಡಾಟ ಗಿಟ್ಟುತ್ತಾ? ನಾನಾಗಿದ್ದರೆ ಮೂರನೇ ಡಿಸೈನಿಗೇ ಕೈ ಮುಗಿದು ಅಡ್ವಾನ್ಸ್ ಇಟ್ಟುಕೊಂಡು ಬಿಡುತ್ತಿದ್ದೆ.

ಸಿರಾಗೇಟ್ ಡಿಟಿಪಿ
ಲೆಕ್ಕ ಹಾಕಿದರೆ ಗಿಟ್ಟಿಲ್ಲ. ಆದರೆ ಮೊದಲ ನಾಲ್ಕು ಡಿಸೈನಿಗೆ ಹೋದದ್ದು ಹನ್ನೊಂದು ದಿನದ ಕೆಲಸ. ಅಂಗಡಿ ಸುತ್ತಿದ್ದು ಅರ್ಧ ದಿನ, ಜೋಡಿ ಮಾಡಿದ್ದು ಒಂದು ದಿನ. ಮುಂದಿನ ಕೆಲಸಕ್ಕೆ ಇದನ್ನೇ ಮೊದಲು ಮಾಡಬೇಕು ಅಂತಿದ್ದೇನೆ.

ಮೊಳೆ ಅಚ್ಚು
ಮೊದಲು ಮಾಡುವುದಾದರೆ ಡಿಸೈನ್ ತೆರೆಯುವ ಮುಂಚೆಯೇ ಮಾಡು. ಗಿರಾಕಿ ಬಂದ ದಿನ ಬೇರೆ ಬೇರೆ ಕಂಪನಿಯ ಹತ್ತು ಹನ್ನೆರಡು ಲೇಬಲ್ ಮೇಜಿನ ಮೇಲೆ ಹರಡು. ‘ಇದರಲ್ಲಿ ನಿಮ್ಮ ಎಣ್ಣೆ ಪಕ್ಕ ಕೂರಬಹುದಾದ್ದು ಒಂದು ಕಡೆ, ಕೂರಬಾರದ್ದು ಇನ್ನೊಂದು ಕಡೆ ಇಡಿ’ ಅನ್ನು. ಕಾರಣ ಕೇಳಬೇಡ. ಎರಡು ಗುಡ್ಡೆ ಆದ ಮೇಲೆ ನೀನೇ ನೋಡು, ಕಾರಣ ಕಾಣುತ್ತದೆ. ನನ್ನ ಹತ್ತಿರ ಇದಕ್ಕೇ ಅಂತ ಒಂದು ಬಿಸ್ಕತ್ ಡಬ್ಬ ತುಂಬ ಹಳೆಯ ಲೇಬಲ್ ಇವೆ. ಒಂದು ಎಚ್ಚರಿಕೆ. ಡಬ್ಬದಲ್ಲಿ ಚೆಂದದ್ದು ಮಾತ್ರ ಇಡಬೇಡ, ಕೆಟ್ಟದ್ದೂ ಇರಲಿ. ಕೆಟ್ಟದ್ದನ್ನು ದೂರ ತಳ್ಳುವಾಗ ಮಾತು ತಾನಾಗಿ ಬರುತ್ತದೆ.

ಚಿಂತಾಮಣಿ ಅಕ್ಷರ
ಸರ್, ಇದು ಲಗ್ನಪತ್ರಿಕೆಗೆ ನಡೆಯುತ್ತದೆಯಾ? ನಾನು ಒಂದು ಸಲ ಹಾಗೆ ಹರಡಿದ್ದೆ. ಮಾವನವರು ಒಂದು ಗುಡ್ಡೆ ಮಾಡಿದರು, ಅಳಿಯ ಅದನ್ನು ಕಲಸಿ ಇನ್ನೊಂದು ಗುಡ್ಡೆ ಮಾಡಿದ. ಮಧ್ಯಾಹ್ನ ಪೂರ್ತಿ ನನ್ನ ಅಂಗಡಿಯಲ್ಲೇ ಜಗಳ.

ಮೊಳೆ ಅಚ್ಚು
ಇಬ್ಬರಿದ್ದರೆ ಬೇರೆ ಬೇರೆಯಾಗಿ ಮಾಡಿಸಬೇಕು ತಾಯಿ. ಆಮೇಲೆ ಎರಡನ್ನೂ ಹೋಲಿಸಬೇಕು. ಅದಕ್ಕೂ ಮುಂಚೆ ಕೊನೆಯ ಮಾತು ಯಾರದು ಅಂತ ಕೇಳಿಟ್ಟುಕೊಳ್ಳಬೇಕು. ಅದು ನನಗೂ ಎಷ್ಟೋ ಸಲ ತಪ್ಪಿದೆ. ದುಡ್ಡು ಕೊಡುವವರದೇ ಕೊನೆಯ ಮಾತು ಅಂದುಕೊಂಡಿರುತ್ತೇವೆ, ಆಗಿರುವುದಿಲ್ಲ.

ಸಿರಾಗೇಟ್ ಡಿಟಿಪಿ
ಲೀಟರ್ ಬಾಟಲಿಯ ಲೇಬಲ್ ಓಕೆ ಆಯಿತು. ಐನೂರು ಸ್ಟಿಕ್ಕರ್ ಪ್ರಿಂಟಿಗೆ ಹೋಗಿದೆ, ಬಾಕಿ ದುಡ್ಡೂ ಬಂತು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಹೇಳಿದರು. 200 ಎಂಎಲ್ ಬಾಟಲಿಯನ್ನೂ ತರುತ್ತಾರಂತೆ. ‘ಚಿಕ್ಕದನ್ನ ಜನ ತಲೆಗೇ ಹಚ್ಚೋದು. ಅದಕ್ಕೆ ನಿಮ್ಮ ಹಳೇ ಡಿಸೈನೇ ಹಾಕಿಬಿಡಿ, ಅದು ಚೆನ್ನಾಗಿತ್ತು’ ಅಂದರು. ಏನು ಹೇಳಬೇಕೋ ತಿಳಿಯಲಿಲ್ಲ, ಆಯ್ತು ನೋಡೋಣ ಅಂದೆ.

ತೆರಿಗೆ ಲೆಕ್ಕ ಕೋಲಾರ
ಹಾಕುವ ಮುಂಚೆ ಅವರ ಲೈಸೆನ್ಸ್ ಯಾವುದಕ್ಕೆ ಇದೆ ಅಂತ ಕೇಳಿ. ಆಹಾರದ್ದು ಮಾತ್ರ ಇದ್ದರೆ ‘ಕೂದಲಿಗೆ’ ಅಂತ ಬರೆಯಬೇಡಿ.

ಕೊಬ್ಬರಿ ಮಂಡಿ
ಬರೆಯದಿದ್ದರೂ ಚಿತ್ರವೇ ಹೇಳುತ್ತದಲ್ಲ ಸಾರ್. ಅದು ನಡೆಯುತ್ತಾ?

ಮೊಳೆ ಅಚ್ಚು
ಅದು ನನಗೆ ಕೇಳುವ ಪ್ರಶ್ನೆ ಅಲ್ಲ, ಲೈಸೆನ್ಸ್ ಮಾಡಿಸಿಕೊಟ್ಟವರನ್ನು ಕೇಳಲಿ. ತಮ್ಮಾ, ಹಳೆಯ ಫೈಲುಗಳನ್ನು ಮಾತ್ರ ಅಳಿಸಬೇಡ.